ಮೆಟ್ಟಿಲಿನ ಕಾಂಕ್ರೀಟ್: ಮೇಸ್ತ್ರಿಯ ಲೆಕ್ಕ 2.01 ಘನ ಮೀಟರ್, ನನ್ನದು 1.365. ಯಾರದು ಸರಿ?

ತೋಟದಮನೆ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ತುಮಕೂರಿನ ಹೊರವಲಯದಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಚದರಕ್ಕೆ ಇಷ್ಟು ಎಂಬ ಗುತ್ತಿಗೆಯಲ್ಲ. ಆದ ಕೆಲಸವನ್ನು ಅಳೆದು ಕಾಂಕ್ರೀಟಿಗೆ ಘನ ಮೀಟರ್ ಲೆಕ್ಕದಲ್ಲಿ ಹಣ ಕೊಡುವ ಒಪ್ಪಂದ. ಅಡಿಪಾಯ, ಕಂಬ, ತಾರಸಿ ಎಲ್ಲದರಲ್ಲೂ ಲೆಕ್ಕ ಹೊಂದಿತು. ಮೆಟ್ಟಿಲಿನ ಹತ್ತಿರ ಬಂದು ನಿಂತಿದೆ.

ನಮ್ಮದು ಅರ್ಧ ಹತ್ತಿ, ಲ್ಯಾಂಡಿಂಗಿನಲ್ಲಿ ತಿರುಗಿ, ಮತ್ತೆ ಅರ್ಧ ಹತ್ತುವ ಡಾಗ್‌ಲೆಗ್ ಮೆಟ್ಟಿಲು. ನೆಲದಿಂದ ಮೇಲಿನ ತಾರಸಿಗೆ 3 ಮೀಟರ್. ರೈಸರ್ 15 ಸೆಂ.ಮೀ., ಟ್ರೆಡ್ 25 ಸೆಂ.ಮೀ. ಒಂದೊಂದು ಫ್ಲೈಟಿಗೆ 10 ರೈಸರ್. ಅಗಲ 1 ಮೀಟರ್, ನಡುವೆ 10 ಸೆಂ.ಮೀ. ಖಾಲಿ ಜಾಗ. ಲ್ಯಾಂಡಿಂಗ್ 2.1 ಮೀ. ಉದ್ದ, 1 ಮೀ. ಅಗಲ. ನಕ್ಷೆಯಲ್ಲಿ ಮೆಟ್ಟಿಲುಗಳನ್ನು ಹೊರುವ ಓರೆ ಚಪ್ಪಡಿ, ಅಂದರೆ ವೇಸ್ಟ್ ಸ್ಲ್ಯಾಬ್, 150 ಮಿ.ಮೀ., ಲ್ಯಾಂಡಿಂಗ್ ಕೂಡ 150 ಮಿ.ಮೀ. ಎಂದಿದೆ.

ಮೇಸ್ತ್ರಿ ಕೊಟ್ಟ ಚೀಟಿ ಹೀಗಿದೆ:

```
ಇಳಿಜಾರು    2.70 × 0.175 × 1.0 × 2  = 0.945
ಮೆಟ್ಟಿಲು    0.25 × 0.15 × 1.0 × 20  = 0.750
ಲ್ಯಾಂಡಿಂಗ್   2.1 × 1.0 × 0.15        = 0.315
ಒಟ್ಟು                                = 2.010
```

ನಾನು ಮಾಡಿದ್ದು: ಇಳಿಜಾರಿಗೆ 2.25 × 0.15 × 1.0 × 2 = 0.675. ಮೆಟ್ಟಿಲು ತ್ರಿಕೋನವಾದ್ದರಿಂದ ಅರ್ಧ, 20 ಮೆಟ್ಟಿಲಿಗೆ 0.375. ಲ್ಯಾಂಡಿಂಗ್ 0.315. ಒಟ್ಟು 1.365.

ವ್ಯತ್ಯಾಸ ಸಣ್ಣದಲ್ಲ, ಮೂರನೇ ಒಂದು ಭಾಗ. ನಾನು ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುವವನು, ಗಣಿತ ನನ್ನ ವಿಷಯವಲ್ಲ. ಮೇಸ್ತ್ರಿಯೂ ಕೆಟ್ಟವರಲ್ಲ. ಜಗಳಕ್ಕೆ ಮುಂಚೆ ತಿಳಿದವರನ್ನು ಕೇಳೋಣ ಎಂದು ಬಂದೆ.

---

ಐದನೇ_ಸೆಮ್ ಬರೆದಿದ್ದಾರೆ:

ಸರ್, ಮೇಸ್ತ್ರಿ ಮೆಟ್ಟಿಲನ್ನು ತ್ರಿಕೋನ ಮಾಡದೆ ಪೂರ್ತಿ ಆಯತವಾಗಿ ಹಿಡಿದಿದ್ದಾರೆ. ಅಲ್ಲೇ 0.375 ಹೆಚ್ಚಾಯಿತು. ಆದರೆ ನಿಮ್ಮ ಇಳಿಜಾರೂ ತಪ್ಪು. 2.25 ನೆಲದ ಮೇಲಿನ ಉದ್ದ. ಓರೆಯಾದ ಉದ್ದ ಬೇಕು. ಫ್ಲೈಟಿನ ಎತ್ತರ 1.5, ಅಡ್ಡ 2.25, ಪೈಥಾಗೊರಸ್ ಹಾಕಿದರೆ 2.704. ಅದಕ್ಕೆ 0.15 ದಪ್ಪ, ಎರಡು ಫ್ಲೈಟು: 0.811. ಮೆಟ್ಟಿಲು 0.375, ಲ್ಯಾಂಡಿಂಗ್ 0.315. ಒಟ್ಟು 1.501 ಘನ ಮೀಟರ್. ನಮಗೆ ತರಗತಿಯಲ್ಲಿ ಹೀಗೆಯೇ ಮಾಡಿಸಿದ್ದಾರೆ.

---

ಕೆಂಪುಹೆಂಚು ಬರೆದಿದ್ದಾರೆ:

ನಾನೂ ಇದೇ ಹಂತದಲ್ಲಿದ್ದೇನೆ. 20 ಮೆಟ್ಟಿಲಿಗೆ ಗ್ರಾನೈಟ್ ಎಷ್ಟು ಚದರಡಿ ಬೇಕಾಗುತ್ತದೆ? ಅಂಚು ಒಂದು ಇಂಚು ಮುಂದೆ ಬಿಡಬೇಕು ಎನ್ನುತ್ತಾರೆ, ಅದನ್ನೂ ಸೇರಿಸಬೇಕೇ?

---

ಹಳೇಸೈಟು ಬರೆದಿದ್ದಾರೆ:

ಕೆಂಪುಹೆಂಚು ಅವರೇ, ಇಲ್ಲಿ ಮಾತು ಒಳಗಿನ ಕಾಂಕ್ರೀಟಿನದು. ಗ್ರಾನೈಟಿಗೆ ಬೇರೆ ಎಳೆ ತೆರೆಯಿರಿ, ಬಂದು ಹೇಳುತ್ತೇನೆ. ಅಂಚನ್ನು ಸೇರಿಸಲೇಬೇಕು ಎಂಬುದಷ್ಟು ಈಗಲೇ ತಿಳಿದಿರಲಿ.

ತೋಟದಮನೆ ಅವರೇ, ಮೂರು ಲೆಕ್ಕಗಳೂ ತಪ್ಪು. ಆದರೆ ಮೂರರ ತಪ್ಪೂ ಬೇರೆ ಬೇರೆ, ಅದರಲ್ಲೇ ಸ್ವಾರಸ್ಯ.

ಮೊದಲು ಆ 0.175 ಎಲ್ಲಿಂದ ಬಂತು ನೋಡಿ. ನಕ್ಷೆಯಲ್ಲಿ 150 ಇದ್ದರೂ ಮೇಸ್ತ್ರಿ 175 ಬರೆದಿದ್ದಾರೆ. ಇದು ಸುಳ್ಳಲ್ಲ. ಫ್ಲೈಟಿನ ತೆರೆದ ಬದಿಯಲ್ಲಿ, ಮೆಟ್ಟಿಲಿನ ಒಳಮೂಲೆಯಿಂದ ಕೆಳಗಿನ ಮೈಗೆ ಟೇಪನ್ನು ನೆಟ್ಟಗೆ ಇಳಿಬಿಟ್ಟಿದ್ದಾರೆ. ಹಾಗೆ ಅಳೆದರೆ 175 ಬರಲೇಬೇಕು. ನಕ್ಷೆಯ 150 ಇರುವುದು ಇಳಿಜಾರಿಗೆ ಲಂಬವಾಗಿ, ಅಂದರೆ ಮೂಲೆಮಟ್ಟವನ್ನು ಓರೆ ಹಲಗೆಯ ಮೇಲೆ ಕೂರಿಸಿದರೆ ಸಿಗುವ ದಪ್ಪ. ಒಂದು ಮೆಟ್ಟಿಲಿನ ಓರೆ √(0.25² + 0.15²) = 0.2915. ಇದನ್ನು 0.25ರಿಂದ ಭಾಗಿಸಿ 150ಕ್ಕೆ ಗುಣಿಸಿದರೆ 175. ನಿಮ್ಮ ಸೆಂಟ್ರಿಂಗ್ ಸರಿಯಾಗಿಯೇ ಆಗಿದೆ ಎಂದಾಯಿತು.

ತಪ್ಪಾದದ್ದು ಜೋಡಿಸುವಾಗ. ನೆಟ್ಟಗೆ ಅಳೆದ ದಪ್ಪಕ್ಕೆ ನೆಲದ ಮೇಲಿನ ಉದ್ದವೇ ಜೋಡಿ. ಲಂಬವಾಗಿ ಅಳೆದ ದಪ್ಪಕ್ಕೆ ಓರೆ ಉದ್ದವೇ ಜೋಡಿ. ಹೇಗೆ ಮಾಡಿದರೂ ಉತ್ತರ ಒಂದೇ:

2.25 × 0.175 = 0.394
2.624 × 0.15 = 0.394

ಮೇಸ್ತ್ರಿ ಓರೆ ಉದ್ದಕ್ಕೆ ನೆಟ್ಟನೆಯ ದಪ್ಪ ಕಟ್ಟಿದರು. ಇಳಿಜಾರನ್ನು ಎರಡು ಸಲ ಎಣಿಸಿದಂತಾಯಿತು. ನೀವು ನೆಲದ ಉದ್ದಕ್ಕೆ ಲಂಬದ ದಪ್ಪ ಕಟ್ಟಿದಿರಿ. ಇಳಿಜಾರನ್ನು ಒಂದು ಸಲವೂ ಎಣಿಸಲಿಲ್ಲ. ಇಬ್ಬರೂ ಒಂದೇ ಹಳ್ಳಕ್ಕೆ ಆ ದಡದಿಂದ, ಈ ದಡದಿಂದ ಬಿದ್ದಿದ್ದೀರಿ.

---

ಐದನೇ_ಸೆಮ್ ಬರೆದಿದ್ದಾರೆ:

ಸರ್, ನಾನು ಓರೆ ಉದ್ದವನ್ನೇ ತೆಗೆದುಕೊಂಡಿದ್ದೆ, ದಪ್ಪವೂ 150. ಆದರೆ ನಿಮಗೆ 2.624, ನನಗೆ 2.704. ಎತ್ತರ 1.5 ತಾನೇ?

---

ಹಳೇಸೈಟು ಬರೆದಿದ್ದಾರೆ:

ಇಲ್ಲಿಯೇ ಪುಸ್ತಕಗಳೂ ಎಡವುತ್ತವೆ, ನೀನೊಬ್ಬನೇ ಅಲ್ಲಪ್ಪ.

ಒಂದು ಫ್ಲೈಟ್ ಹತ್ತಿ ನೋಡು. ಹತ್ತು ಸಲ ಕಾಲೆತ್ತುತ್ತೀಯ. ಒಂಬತ್ತು ಸಲ ಕಾಲು ಟ್ರೆಡ್ಡಿನ ಮೇಲೆ ಬೀಳುತ್ತದೆ. ಹತ್ತನೆಯ ಸಲ ಬೀಳುವುದು ಲ್ಯಾಂಡಿಂಗಿನ ಮೇಲೆ. ಅದಕ್ಕೇ 10 ರೈಸರ್ ಇದ್ದರೂ ನೆಲದ ಉದ್ದ 9 × 0.25 = 2.25. ವೇಸ್ಟ್ ಸ್ಲ್ಯಾಬಿನ ಮೇಲ್ಮೈ ಎಂದರೆ ಮೆಟ್ಟಿಲುಗಳ ಒಳಮೂಲೆಗಳನ್ನು ಮುಟ್ಟುತ್ತ ಹೋಗುವ ಗೆರೆ. ಮೊದಲ ಒಳಮೂಲೆ ನೆಲದ ಮಟ್ಟದಲ್ಲಿ, ಹತ್ತನೆಯ ರೈಸರಿನ ಬುಡದ ಮೂಲೆ 9 × 0.15 = 1.35 ಮೀಟರ್ ಎತ್ತರದಲ್ಲಿ. 1.5ರಲ್ಲಿ ಅಲ್ಲ. ಮೇಲೆ ಉಳಿದ 15 ಸೆಂ.ಮೀ. ಲ್ಯಾಂಡಿಂಗಿನದೇ ದಪ್ಪ, ಅದನ್ನು ಲ್ಯಾಂಡಿಂಗಿನಲ್ಲಿ ಎಣಿಸಿ ಆಗಿದೆ.

ನೀನು 10 ರೈಸರಿನ ಎತ್ತರವನ್ನು 9 ಟ್ರೆಡ್ಡಿನ ಉದ್ದಕ್ಕೆ ಕಟ್ಟಿದೆ. ಆ ತ್ರಿಕೋನದ ಇಳಿಜಾರು 1.5ಕ್ಕೆ 2.25. ಮೆಟ್ಟಿಲಿನ ನಿಜವಾದ ಇಳಿಜಾರು 0.15ಕ್ಕೆ 0.25. ಎರಡೂ ಒಂದೇ ಅಲ್ಲ, ಕಾಗದದ ಮೇಲೆ ಗೆರೆ ಎಳೆದರೆ ನಿನ್ನ ಗೆರೆ ಮೆಟ್ಟಿಲುಗಳ ಮೂಲೆಗೆ ಸಮಾನಾಂತರವಾಗಿ ಓಡುವುದಿಲ್ಲ. ಅದೇ ಕಾರಣಕ್ಕೆ ತ್ರಿಕೋನವೂ ಫ್ಲೈಟಿಗೆ 9, ಒಟ್ಟು 18. ಇಪ್ಪತ್ತಲ್ಲ.

ಹಾಗಾಗಿ: ವೇಸ್ಟ್ ಸ್ಲ್ಯಾಬ್ ಎರಡಕ್ಕೂ 0.787. ತ್ರಿಕೋನ 18 × 0.01875 = 0.3375. ಲ್ಯಾಂಡಿಂಗ್ 0.315. ಕೂಡಿದರೆ 1.44 ಘನ ಮೀಟರ್.

ಸ್ಪ್ರೆಡ್‌ಶೀಟ್ ಬಳಸುವವರಿಗೆ ಒಂದು ಫ್ಲೈಟಿನದು:

```
=2.25*1.0*(0.15*SQRT(0.25^2+0.15^2)/0.25 + 0.15/2)
```

ಆವರಣದೊಳಗಿನ ಉತ್ತರ ನೋಡಿ, 0.25. ನೆಟ್ಟನೆಯ ದಪ್ಪ 175, ಅದಕ್ಕೆ ರೈಸರಿನ ಅರ್ಧ 75, ಒಟ್ಟು 250 ಮಿ.ಮೀ. ಅಂದರೆ ಈ ಅಳತೆಯ ಮೆಟ್ಟಿಲು ನೆಲದ ಮೇಲೆ ಮಲಗಿಸಿದ ಕಾಲು ಮೀಟರ್ ದಪ್ಪದ ಚಪ್ಪಡಿಗೆ ಸಮ. ಸೈಟಿನಲ್ಲಿ ನಾನು ಬಾಯಲ್ಲಿ ಮಾಡುತ್ತಿದ್ದುದು ಇದೇ ಲೆಕ್ಕ. ರೈಸರ್, ಟ್ರೆಡ್ ಬದಲಾದರೆ ಈ 250 ಬದಲಾಗುತ್ತದೆ, ಕಣ್ಣುಮುಚ್ಚಿ ಎಲ್ಲ ಕಡೆ ಹಾಕಬೇಡಿ.

---

ಮಲೆನಾಡ_ಮಳೆ ಬರೆದಿದ್ದಾರೆ:

ನೀವೆಲ್ಲ ತ್ರಿಕೋನ ಒಂಬತ್ತೋ ಹತ್ತೋ ಎಂದು ಮಾತಾಡುತ್ತಿದ್ದೀರಿ. ನಮ್ಮ ಮನೆಯಲ್ಲಿ ತ್ರಿಕೋನವೇ ಇರಲಿಲ್ಲ!

ವೇಸ್ಟ್ ಸ್ಲ್ಯಾಬ್ ಮಾತ್ರ ಕಾಂಕ್ರೀಟ್ ಹಾಕಿ, ಹತ್ತು ದಿನ ಬಿಟ್ಟು ಅದರ ಮೇಲೆ ಇಟ್ಟಿಗೆ ಇಟ್ಟು ಗಾರೆ ಬಳಿದು ಮೆಟ್ಟಿಲು ಮಾಡಿದರು. ಬಿಲ್ಲಿನಲ್ಲಿ ಮಾತ್ರ ಮೆಟ್ಟಿಲೂ ಸೇರಿ ಎಲ್ಲಕ್ಕೂ ಕಾಂಕ್ರೀಟಿನ ದರ. ಆ ಹೊತ್ತಿಗೆ ಮೇಲೆ ಕಲ್ಲು ಕೂತು ಪಾಲಿಶ್ ಆಗಿತ್ತು, ಗೊತ್ತಾದದ್ದು ಎರಡು ವರ್ಷದ ನಂತರ ರೇಲಿಂಗ್ ಬದಲಿಸಲು ಡ್ರಿಲ್ ಹಾಕಿದಾಗ. ಕೆಂಪು ಪುಡಿ ಬಂತು. ತೋಟದಮನೆ ಅವರೇ, ನಿಮ್ಮದನ್ನು ಒಮ್ಮೆ ನೋಡಿಕೊಳ್ಳಿ.

---

ಹಳೇಸೈಟು ಬರೆದಿದ್ದಾರೆ:

ಇಟ್ಟಿಗೆಯ ಮೆಟ್ಟಿಲು ತಪ್ಪೇನಲ್ಲ. ಭಾರ ಹೊರುವುದು ವೇಸ್ಟ್ ಸ್ಲ್ಯಾಬ್. ತ್ರಿಕೋನಗಳನ್ನು ಬಲಕ್ಕೆ ಎಣಿಸುವುದಿಲ್ಲ, ಅವು ಬರೀ ತೂಕ. ತಪ್ಪಾದದ್ದು ಬಿಲ್ಲು. ಇವರ ಅಳತೆಯ ಮನೆಯಲ್ಲಿ ಹಾಗೆ ಮಾಡಿದ್ದರೆ 0.3375 ಘನ ಮೀಟರ್ ಕಾಂಕ್ರೀಟಿನಿಂದ ಇಟ್ಟಿಗೆ ಕೆಲಸಕ್ಕೆ ಹೋಗುತ್ತಿತ್ತು, ಸುಮಾರು ನಾಲ್ಕನೇ ಒಂದು ಭಾಗ. ಕಲ್ಲು ಕೂರಿಸುವ ಮುಂಚೆ ತೆರೆದ ಬದಿಯನ್ನು ನೋಡಿದರೆ ಸಾಕು. ಒಟ್ಟಿಗೆ ಎರೆದದ್ದಾದರೆ ಮೆಟ್ಟಿಲಿಗೂ ಸ್ಲ್ಯಾಬಿಗೂ ನಡುವೆ ಗೆರೆ ಇರುವುದಿಲ್ಲ.

---

ತೋಟದಮನೆ ಬರೆದಿದ್ದಾರೆ:

ನಮ್ಮದು ಒಟ್ಟಿಗೆ ಎರೆದದ್ದೇ, ನಾನೇ ಅಲ್ಲಿದ್ದೆ. ರೈಸರಿನ ಹಲಗೆ ಕಟ್ಟುವುದಕ್ಕೇ ಬಡಗಿಗೆ ಒಂದೂವರೆ ದಿನ ಹಿಡಿಯಿತು.

ಇನ್ನೊಂದು ವಿಷಯ. ಆ ದಿನ ಖಾಲಿಯಾದ ಸಿಮೆಂಟ್ ಚೀಲಗಳನ್ನು ನನ್ನಾಕೆ ಎಣಿಸಿ ಬರೆದಿಟ್ಟಿದ್ದಾಳೆ: 13. ಇದರಿಂದ ಏನಾದರೂ ತಿಳಿಯುತ್ತದೆಯೇ? ಮಿಶ್ರಣ 1:1.5:3, ಎಂ20 ಎಂದು ಹೇಳಿದ್ದರು.

---

ಹಳೇಸೈಟು ಬರೆದಿದ್ದಾರೆ:

ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಈ ಎಳೆಯಲ್ಲಿ ಸಾಕ್ಷ್ಯ ತಂದವರು ಅವರೊಬ್ಬರೇ.

ಒಣ ಸಾಮಾನು ನೀರು ಕುಡಿದು ಕುಸಿಯುತ್ತದೆ, ಅದಕ್ಕೆ 1.54ರಿಂದ ಗುಣಿಸುವುದು ರೂಢಿ. ಆ ಮಿಶ್ರಣದಲ್ಲಿ ಒಂದು ಘನ ಮೀಟರಿಗೆ ಎಂಟು ಚೀಲ ಚಿಲ್ಲರೆ ಸಿಮೆಂಟ್ ಬೇಕು. 1.44 ಘನ ಮೀಟರಿಗೆ 11.6 ಚೀಲ. ಕೆಳಗೆ ಚೆಲ್ಲಿದ್ದು, ಮಿಕ್ಸರಿನ ಒಳಗೆ ಮೆತ್ತಿದ್ದು, ಕೊನೆಗೆ ಮೈ ತೀಡಲು ತೆಗೆದುಕೊಂಡದ್ದು ಸೇರಿ 12, 13 ಆಗುವುದು ಸಹಜ. ಮೇಸ್ತ್ರಿಯ 2.01 ನಿಜವಾಗಿದ್ದರೆ 16 ಚೀಲ ದಾಟಬೇಕಿತ್ತು. 13 ಚೀಲದಲ್ಲಿ ಅಷ್ಟು ಕಾಂಕ್ರೀಟ್ ಆಗಿದ್ದರೆ ಬಿಲ್ಲಿಗಿಂತ ದೊಡ್ಡ ಚಿಂತೆ ಬೇರೆ ಇತ್ತು.

---

ಗುತ್ತಿಗೆ_ಇಪ್ಪತ್ತುವರ್ಷ ಬರೆದಿದ್ದಾರೆ:

ನಾನು ಆ ಮೇಸ್ತ್ರಿಯ ಕಡೆಯಿಂದ ಒಂದು ಮಾತು ಹೇಳಲೇ? ನೀವು ಮನೆಯಲ್ಲಿ ಕೂತು ಅರ್ಧ ತ್ರಿಕೋನ ಕಳೆಯುತ್ತೀರಿ. ತಾರಸಿಗೆ ಒಂದು ಘನ ಮೀಟರ್ ಹಾಕುವ ಹೊತ್ತಿನಲ್ಲಿ ಮೆಟ್ಟಿಲಿಗೆ ಅರ್ಧವೂ ಆಗುವುದಿಲ್ಲ. ಓರೆಯಲ್ಲಿ ಕಾಂಕ್ರೀಟ್ ನಿಲ್ಲುವುದಿಲ್ಲ, ಬಾಣಲಿಯಲ್ಲಿ ಹೊತ್ತು ಕೆಳಗಿನಿಂದ ಮೆಟ್ಟಿಲು ಮೆಟ್ಟಿಲಾಗಿ ತುಂಬಬೇಕು. ನಾವು ಬಹಳ ಜನ ಮೆಟ್ಟಿಲನ್ನು ಪೂರ್ತಿ ಆಯತವಾಗಿ ಹಿಡಿಯುವುದು ಅದಕ್ಕೇ. ಕದಿಯುವುದಕ್ಕಲ್ಲ.

---

ಹಳೇಸೈಟು ಬರೆದಿದ್ದಾರೆ:

ಶ್ರಮದ ಮಾತು ಒಪ್ಪುತ್ತೇನೆ. ಆದರೆ ಅದಕ್ಕೆ ಮೆಟ್ಟಿಲಿನ ದರ ಬೇರೆ ಕೇಳಿ, ಸೆಂಟ್ರಿಂಗಿಗೆ ಚದರ ಮೀಟರ್ ಲೆಕ್ಕ ಬೇರೆ ಕೇಳಿ. ಶ್ರಮವನ್ನು ಘನ ಅಳತೆಯೊಳಗೆ ಬಚ್ಚಿಟ್ಟರೆ ಮನೆಯವರು ಸಿಮೆಂಟ್ ಚೀಲ ಎಣಿಸಿದ ದಿನ ಮರ್ಯಾದೆ ಹೋಗುತ್ತದೆ.

---

ಗುತ್ತಿಗೆ_ಇಪ್ಪತ್ತುವರ್ಷ ಬರೆದಿದ್ದಾರೆ:

ಬೇರೆ ದರ ಕೇಳಿದರೆ ಕೊಡುವವರು ಯಾರು ಸ್ವಾಮಿ? ಎಲ್ಲದಕ್ಕೂ ಒಂದೇ ದರ ಹೇಳಿ ಎನ್ನುತ್ತಾರೆ.

---

ಮರಳುಗಾಡು ಬರೆದಿದ್ದಾರೆ:

ದೋಹಾದಿಂದ. ಇಲ್ಲಿ ಅಂದಾಜು ವಿಭಾಗದಲ್ಲಿ ಕೆಲಸ. ನಿಮ್ಮ ಮೆಟ್ಟಿಲನ್ನು ಮಾಡೆಲ್ ಮಾಡಿ ನೋಡಿದೆ, ಬಂದದ್ದು 1.44 ಅಲ್ಲ, 1.465. ಹಳೇಸೈಟು ಸರ್ ಒಂದು ತುಂಡು ಬಿಟ್ಟಿದ್ದಾರೆ.

ಕೆಳಗಿನ ಫ್ಲೈಟ್ ಲ್ಯಾಂಡಿಂಗ್ ಸೇರುವ ಜಾಗ ನೋಡಿ. ವೇಸ್ಟ್ ಸ್ಲ್ಯಾಬಿನ ಮೇಲ್ಮೈ 1.35ರಲ್ಲಿ ಮುಗಿಯುತ್ತದೆ. ಲ್ಯಾಂಡಿಂಗಿನ ತಳವೂ ಸರಿಯಾಗಿ 1.35. ಲೆಕ್ಕದ ಪ್ರಕಾರ ಎರಡೂ ಒಂದು ಗೆರೆಯಲ್ಲಿ ಮಾತ್ರ ತಾಕುತ್ತವೆ, ಹಾಗೆ ಕಟ್ಟಿದರೆ ನಿಲ್ಲುವುದಿಲ್ಲ. ನಿಜದಲ್ಲಿ ಇಳಿಜಾರಿನ ತಳ ಲ್ಯಾಂಡಿಂಗಿನ ಅಡಿಗೆ ಇನ್ನೂ 29 ಸೆಂ.ಮೀ. ಮುಂದುವರಿದು ಅದರ ತಳವನ್ನು ಸೇರುತ್ತದೆ. ಅಲ್ಲಿ ಒಂದು ಬೆಣೆಯಾಕಾರದ ಕಾಂಕ್ರೀಟ್ ಇದೆ: ½ × 0.2915 × 0.175 × 1.0 = 0.0255. ಒಂದು ತ್ರಿಕೋನ ಮೆಟ್ಟಿಲಿಗಿಂತ ದೊಡ್ಡದು. ಮೇಲಿನ ಫ್ಲೈಟ್ ಲ್ಯಾಂಡಿಂಗಿನ ಮೇಲ್ಮೈಯಿಂದ ಹೊರಡುವುದರಿಂದ ಅದರ ಬುಡದಲ್ಲಿ ಈ ಬೆಣೆ ಇರುವುದಿಲ್ಲ. ಅದರ ತುದಿ ತಾರಸಿಯ ತೊಲೆಯೊಳಗೆ ಹೋಗುತ್ತದೆ, ತೊಲೆಯ ಲೆಕ್ಕದಲ್ಲಿ ಬಂದಿರುತ್ತದೆ.

---

ಹಳೇಸೈಟು ಬರೆದಿದ್ದಾರೆ:

ಸರಿಯಾಗಿ ಹಿಡಿದಿರಿ. ಬೆಣೆ ಇದೆ. ಆದರೆ ನಿಮ್ಮ ಮಾಡೆಲ್ ಕೆಳತುದಿಯನ್ನು ಏನು ಮಾಡಿತು?

ಮೊದಲ ರೈಸರಿನ ಬುಡದಲ್ಲಿ ವೇಸ್ಟ್ ಸ್ಲ್ಯಾಬಿನ ತಳ ನೆಲಕ್ಕಿಂತ 175 ಮಿ.ಮೀ. ಕೆಳಗಿದೆ. ಗುಂಡಿ ತೋಡಿ ಅಡಿಪಾಯದ ಮೇಲೆ ಕೂರಿಸಿದ್ದರೆ ಅಷ್ಟು ಕಾಂಕ್ರೀಟ್ ನಿಜವಾಗಿಯೂ ಹೋಗಿದೆ. ನೆಲದ ಕಾಂಕ್ರೀಟಿನ ಮೇಲೆಯೇ ಚಪ್ಪಟೆಯಾಗಿ ಕೂರಿಸಿದ್ದರೆ ಅದೇ ಅಳತೆಯ ತುಂಡು, 0.0255, ಅಲ್ಲಿ ಇಲ್ಲವೇ ಇಲ್ಲ. ಆಗ ಕೆಳಗೆ ಕಳೆದದ್ದು ಮೇಲೆ ಸೇರಿ ಮತ್ತೆ 1.44. ನಾನು ಹಳೆಯ ಅಭ್ಯಾಸದಲ್ಲಿ ಎರಡನ್ನೂ ಬಿಡುತ್ತಿದ್ದುದು ಅದಕ್ಕೇ. ಇವರ ಮನೆಯಲ್ಲಿ ಯಾವುದು ಎಂದು ಇವರೇ ಹೇಳಬೇಕು.

---

ಮರಳುಗಾಡು ಬರೆದಿದ್ದಾರೆ:

ಗುಂಡಿ ಇದೆ ಎಂದುಕೊಂಡೇ ಮಾಡಿದ್ದೆ. ಕೇಳಬೇಕಿತ್ತು.

---

ತೋಟದಮನೆ ಬರೆದಿದ್ದಾರೆ:

ಗುಂಡಿ ತೋಡಿದ ನೆನಪು ಇದೆ, ಆಳ ನೆನಪಿಲ್ಲ. ಈಗ ಅಲ್ಲಿ ನೆಲದ ಕಾಂಕ್ರೀಟ್ ಬಿದ್ದಿದೆ. ಮಗನ ಮೊಬೈಲಿನಲ್ಲಿ ಫೋಟೊ ಇರಬಹುದು, ಹುಡುಕುತ್ತೇನೆ.

ನಿನ್ನೆ ಸಂಜೆ ಈ ಎಳೆಯನ್ನು ಮೇಸ್ತ್ರಿಗೇ ಓದಿ ಹೇಳಿದೆ. ಮೊದಲು ಮುಖ ಗಂಟಿಕ್ಕಿದರು. "ನೆಟ್ಟಗೆ ಅಳೆದರೆ ನೆಲದ ಉದ್ದ" ಎಂಬಲ್ಲಿಗೆ ಬಂದಾಗ ಸುಮ್ಮನಾಗಿ, ಮರಳಿನ ಮೇಲೆ ಬೆರಳಲ್ಲಿ ಒಂದು ಮೆಟ್ಟಿಲು ಬರೆದು ಬಹಳ ಹೊತ್ತು ನೋಡಿದರು. ಇಳಿಜಾರಿನ ತಪ್ಪನ್ನು ಒಪ್ಪಿಕೊಂಡರು. ಮೆಟ್ಟಿಲಿನ ಆಯತವನ್ನು ಬಿಡಲಿಲ್ಲ, ಗುತ್ತಿಗೆ ಅವರು ಹೇಳಿದ ಮಾತನ್ನೇ ಹೇಳಿದರು. ಕೊನೆಗೆ ಅಳತೆಯನ್ನು 1.465 ಎಂದೇ ಬರೆದು, ಮೆಟ್ಟಿಲಿನ ಕೂಲಿ ಎಂದು ಒಂದು ಮೊತ್ತವನ್ನು ಬೇರೆ ಕೊಡುವ ಮಾತಾಯಿತು. ನನ್ನ 1.365 ಒಪ್ಪಿದ್ದರೆ ಅವರಿಗೆ 0.1 ಘನ ಮೀಟರ್ ಮೋಸವಾಗುತ್ತಿತ್ತು ಎಂದು ಅವರೇ ನೆನಪಿಸಿದರು. ಹೌದೆಂದೆ.

ಆದರೆ ಹೊಸ ತಲೆನೋವು ಬಂತು. ಅವರ ಎದುರೇ ಟೇಪ್ ಇಳಿಬಿಟ್ಟೆ. ಮೇಲಿನ ಫ್ಲೈಟಿನಲ್ಲಿ ಮೂರು ಕಡೆ 175, 174, 176. ಕೆಳಗಿನ ಫ್ಲೈಟಿನ ಮಧ್ಯದಲ್ಲಿ 162. ಇನ್ನೂ ಪ್ಲಾಸ್ಟರ್ ಆಗಿಲ್ಲ.

---

ಹಳೇಸೈಟು ಬರೆದಿದ್ದಾರೆ:

162 ನೆಟ್ಟಗೆ ಎಂದರೆ ಲಂಬಕ್ಕೆ 139. ನಕ್ಷೆಗಿಂತ 11 ಮಿ.ಮೀ. ಕಡಿಮೆ. ಇಡೀ ಫ್ಲೈಟ್ ಹಾಗೇ ಇದ್ದರೂ ಘನ ಅಳತೆಯಲ್ಲಿ 0.03 ಕಡಿಮೆ, ಅದನ್ನು ಮರೆತುಬಿಡಿ. ನೋಡಬೇಕಾದದ್ದು ಕಬ್ಬಿಣ ಎಲ್ಲಿ ಕೂತಿದೆ ಎಂಬುದನ್ನು. ಮೆಟ್ಟಿಲಿನ ಮುಖ್ಯ ಸರಳುಗಳು ತಳದ ಹತ್ತಿರ ಇರುತ್ತವೆ. ತಳದ ಹಲಗೆ ಮೇಲೆ ಉಬ್ಬಿ ದಪ್ಪ ಕಡಿಮೆಯಾಗಿದೆಯೋ, ಮೇಲೆ ಮೆಟ್ಟಿಲಿನ ಮೂಲೆಯನ್ನು ತಗ್ಗಿಸಿ ತೀಡಿದ್ದಾರೋ, ಎರಡಕ್ಕೂ ಅರ್ಥ ಬೇರೆ. ತಳಕ್ಕೆ ಉದ್ದಕ್ಕೂ ಒಂದು ದಾರ ಬಿಗಿದು ಹಿಡಿಯಿರಿ. ಮಧ್ಯದಲ್ಲಿ ದಾರಕ್ಕೂ ಕಾಂಕ್ರೀಟಿಗೂ ಸಂದು ಕಂಡರೆ ಹಲಗೆ ಉಬ್ಬಿದೆ. ಏನು ಕಂಡಿತೆಂದು ಬರೆದುಕೊಂಡು ನಕ್ಷೆ ಮಾಡಿದ ಇಂಜಿನಿಯರಿಗೆ ತೋರಿಸಿ. ಪ್ಲಾಸ್ಟರ್ ನಿಲ್ಲಿಸಿ.

---

ಗುತ್ತಿಗೆ_ಇಪ್ಪತ್ತುವರ್ಷ ಬರೆದಿದ್ದಾರೆ:

ಒಂದೇ ಕಡೆ ಅಳೆದು ಹೆದರಬೇಡಿ. ಮೂಲೆಯಲ್ಲಿ ಗಾರೆ ಉದುರಿದ್ದರೂ ಒಂದು ಸೆಂ.ಮೀ. ವ್ಯತ್ಯಾಸ ಬರುತ್ತದೆ. ಪಕ್ಕದ ಎರಡು ಮೆಟ್ಟಿಲಿನಲ್ಲೂ ಅಳೆಯಿರಿ.

---

ಕೆಂಪುಹೆಂಚು ಬರೆದಿದ್ದಾರೆ:

ಹಳೇಸೈಟು ಅವರೇ, ಗ್ರಾನೈಟಿಗೆ ಬೇರೆ ಎಳೆ ತೆರೆದಿದ್ದೇನೆ. ನನ್ನ ಮೊದಲ ಮೆಟ್ಟಿಲು ಉಳಿದವಕ್ಕಿಂತ ಒಂದೂವರೆ ಇಂಚು ಎತ್ತರವಿದೆ, ನೆಲಕ್ಕೆ ಕಲ್ಲು ಬಿದ್ದ ಮೇಲೆ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ?

---

ತೋಟದಮನೆ ಬರೆದಿದ್ದಾರೆ:

ದಾರ ಹಿಡಿದು ನೋಡಿದೆ. ಪಕ್ಕದ ಮೆಟ್ಟಿಲುಗಳಲ್ಲಿ 164, 168. ದಾರಕ್ಕೂ ತಳಕ್ಕೂ ನಡುವೆ ಮಧ್ಯದಲ್ಲಿ ಕಿರುಬೆರಳು ತೂರುವಷ್ಟು ಸಂದು ಇದೆ. ಇಂಜಿನಿಯರ್ ಶನಿವಾರ ಬರುತ್ತಾರೆ.